ರಿವ್ಯೂನಲ್ಲಿ ‘ಚೆನ್ನಾಗಿದೆ’ ಬದಲಿಗೆ ಏನು ಬರೆಯಬೇಕು? ನಿಮ್ಮ ದನಿಗೆ ತಕ್ಕ ಪದ ಆರಿಸುವ ಸಮಗ್ರ ಮಾರ್ಗದರ್ಶಿ

ರಿವ್ಯೂ ಬರೆಯುವಾಗ ‘ಚೆನ್ನಾಗಿದೆ’ ಜಾಸ್ತಿ ಆಗುತ್ತದೆ, ಬೇರೆ ಪದ ಹೇಳಿ ಎಂದು ಕೇಳಿದವರಿಗೆ ನಾನು ಹಿಂದೆ ಒಂದು ಪದಪಟ್ಟಿ ಕೊಟ್ಟಿದ್ದೆ. ಅದನ್ನು ಬಳಸಿದ ಹೆಚ್ಚಿನವರು ‘ಚೆನ್ನಾಗಿದೆ’ ಇದ್ದ ಕಡೆಯೆಲ್ಲ ‘ಅತ್ಯುತ್ತಮವಾಗಿದೆ’ ಎಂದು ಹಾಕಿ ಕಳಿಸಿದರು. ಓದಿದರೆ ಮನೆಯಲ್ಲಿ ಬಳಸಿದವರ ಮಾತು ಅನ್ನಿಸಲಿಲ್ಲ, ಅಂಗಡಿಯವರ ಜಾಹೀರಾತು ಅನ್ನಿಸಿತು. ತಪ್ಪು ನನ್ನ ಪಟ್ಟಿಯದ್ದೇ. ಪದ ಹುಡುಕುವ ಮೊದಲು ಮಾಡಬೇಕಾದ ಎರಡು ಕೆಲಸಗಳನ್ನು ನಾನು ಹೇಳಿರಲಿಲ್ಲ. ಈ ಸಲ ಅಲ್ಲಿಂದಲೇ ಶುರು ಮಾಡೋಣ.

ಉದಾಹರಣೆಗೆ ನಮ್ಮ ಮನೆಗೆ ತಂದ ಮಿಕ್ಸಿಯನ್ನೇ ಇಟ್ಟುಕೊಳ್ಳುತ್ತೇನೆ. 750 ವ್ಯಾಟ್‌ನದು, ಮೂರು ಜಾರ್ ಇವೆ. ನಾನು ಮೊದಲು ಬರೆದ ರಿವ್ಯೂ ಹೀಗಿತ್ತು:

> ಪ್ರಾಡಕ್ಟ್ ಚೆನ್ನಾಗಿದೆ. ಮೋಟಾರ್ ಚೆನ್ನಾಗಿದೆ. ಜಾರ್‌ಗಳೂ ಚೆನ್ನಾಗಿವೆ. ಸ್ವಲ್ಪ ಸದ್ದು ಮಾಡುತ್ತದೆ. ಒಟ್ಟಿನಲ್ಲಿ ಒಳ್ಳೆ ಪ್ರಾಡಕ್ಟ್.

ನಾಲ್ಕು ಸಲ ಹೊಗಳಿದ್ದೇನೆ. ಆದರೆ ಇದನ್ನು ಓದಿದವರಿಗೆ ಮಿಕ್ಸಿಯ ಬಗ್ಗೆ ಗೊತ್ತಾಗುವುದು ಒಂದೇ ವಿಷಯ, ಅದು ಸದ್ದು ಮಾಡುತ್ತದೆ ಎಂಬುದು.

## ಕೈಯಲ್ಲಿ ಏನೇನು ಇರಬೇಕು

ಒಂದು ಚೀಟಿ, ಒಂದು ಪೆನ್ನು, ವಸ್ತುವನ್ನು ಕನಿಷ್ಠ ಒಂದು ವಾರ ಬಳಸಿದ ಅನುಭವ. ಫೋನಿನಲ್ಲಿ ಕನ್ನಡ ಕೀಬೋರ್ಡ್ ಇದ್ದರೆ ಸಾಕು. ಒಂದು ಎಚ್ಚರಿಕೆ: ‘ಚೆನ್’ ಎಂದು ಟೈಪ್ ಮಾಡಿದ ತಕ್ಷಣ ಕೀಬೋರ್ಡ್ ತಾನಾಗಿಯೇ ‘ಚೆನ್ನಾಗಿದೆ’ ಎಂದು ಮುಂದಿಡುತ್ತದೆ. ನಮ್ಮ ರಿವ್ಯೂಗಳಲ್ಲಿ ಆ ಪದ ತುಂಬಿಕೊಳ್ಳಲು ಇದೂ ಒಂದು ಕಾರಣ. ಅದಕ್ಕೇ ಮೊದಲ ಕರಡನ್ನು ಚೀಟಿಯಲ್ಲಿ ಕೈಯಿಂದ ಬರೆಯಿರಿ.

## ಹಂತ 1: ಪ್ರತಿ ‘ಚೆನ್ನಾಗಿದೆ’ಗೂ ಒಂದು ಪ್ರಶ್ನೆ ಕೇಳಿ

ಬರೆದ ರಿವ್ಯೂನಲ್ಲಿ ಚೆನ್ನಾಗಿದೆ, ಒಳ್ಳೆ, ಉತ್ತಮ, ಸೂಪರ್ ಇವು ಎಲ್ಲೆಲ್ಲಿ ಇವೆಯೋ ಅಲ್ಲೆಲ್ಲ ಗೆರೆ ಎಳೆಯಿರಿ. ಪ್ರತಿಯೊಂದರ ಪಕ್ಕದಲ್ಲೂ ಕೇಳಿಕೊಳ್ಳಿ: ಏನು ಮಾಡಿದಾಗ ನನಗೆ ಹೀಗನ್ನಿಸಿತು? ಉತ್ತರದಲ್ಲಿ ಒಂದು ಘಟನೆ ಇರಬೇಕು.

ನನ್ನ ಚೀಟಿಯಲ್ಲಿ ಬಂದ ಉತ್ತರಗಳು ಇವು. ‘ಮೋಟಾರ್ ಚೆನ್ನಾಗಿದೆ’: ಅರ್ಧ ಕಾಯಿಯ ಚಟ್ನಿ ಎರಡು ನಿಮಿಷದಲ್ಲಿ ಆಯಿತು, ಕಾಯಿ ಚೂರು ಉಳಿಯಲಿಲ್ಲ. ‘ಜಾರ್‌ಗಳೂ ಚೆನ್ನಾಗಿವೆ’: ಮುಚ್ಚಳದ ರಬ್ಬರ್ ಬಿಗಿಯಾಗಿದೆ, ಗೋಡೆಗೆ ಚಟ್ನಿ ಚಿಮ್ಮಲಿಲ್ಲ. ಆದರೆ ಚಿಕ್ಕ ಜಾರ್‌ಗೆ ಎರಡು ಚಮಚ ಹುರಿಗಡಲೆ ಹಾಕಿದರೆ ಅದು ಅಂಚಿಗೆ ಹೋಗಿ ಕೂರುತ್ತದೆ, ಬ್ಲೇಡಿಗೆ ಸಿಗುವುದಿಲ್ಲ.

‘ಪ್ರಾಡಕ್ಟ್ ಚೆನ್ನಾಗಿದೆ’ ಎಂಬುದಕ್ಕೆ ಎಷ್ಟು ಯೋಚಿಸಿದರೂ ಉತ್ತರ ಹೊಳೆಯಲಿಲ್ಲ. ಉತ್ತರ ಬಾರದ ವಾಕ್ಯಕ್ಕೆ ಬದಲಿ ಪದ ಹುಡುಕಬೇಡಿ. ಅದನ್ನು ಅಳಿಸಿಬಿಡಿ. ಹೊಳೆಯುವ ಪದ ಹಾಕಿದರೂ ಅದರ ಹಿಂದೆ ಏನೂ ಇರುವುದಿಲ್ಲ, ಅಲ್ವಾ?

## ಹಂತ 2: ಪದಕ್ಕಿಂತ ಮೊದಲು ದನಿ ಆರಿಸಿ

ಹಿಂದಿನ ಪಟ್ಟಿಯಲ್ಲಿ ನಾನು ಬಿಟ್ಟುಬಿಟ್ಟ ಹಂತ ಇದು. ಒಂದೇ ಮಿಕ್ಸಿಯ ಬಗ್ಗೆ ನಾಲ್ಕು ಜನ ನಾಲ್ಕು ದನಿಯಲ್ಲಿ ಮಾತಾಡುತ್ತಾರೆ. ಒಬ್ಬರು ಅಳೆದು ತೂಗಿ ಹೇಳುತ್ತಾರೆ. ಒಬ್ಬರು ಖುಷಿಯಿಂದ ಹೇಳುತ್ತಾರೆ. ಇನ್ನೊಬ್ಬರು ಪಕ್ಕದ ಮನೆಯವರಿಗೆ ಹೇಳುವ ಹಾಗೆ ಹೇಳುತ್ತಾರೆ. ಮತ್ತೊಬ್ಬರು ಪೂರ್ತಿ ಮನಸ್ಸಿಲ್ಲದೆ ಒಪ್ಪಿಕೊಳ್ಳುತ್ತಾರೆ.

ನಿಮ್ಮದು ಯಾವುದು ಎಂದು ತಿಳಿಯಲು ಸುಲಭದ ದಾರಿ ಇದೆ. ಅಕ್ಕನೋ ಗೆಳೆಯನೋ ಫೋನ್ ಮಾಡಿ ‘ಆ ಮಿಕ್ಸಿ ಹೇಗಿದೆ?’ ಎಂದು ಕೇಳಿದರು ಅಂದುಕೊಳ್ಳಿ. ನಿಮ್ಮ ಬಾಯಿಂದ ಬರುವ ಮೊದಲ ವಾಕ್ಯವನ್ನು ಬಂದ ಹಾಗೇ ಚೀಟಿಯಲ್ಲಿ ಬರೆಯಿರಿ. ‘ತಗೊಳ್ಳೇ, ಯೋಚನೆ ಮಾಡಬೇಡ’ ಎಂದು ಬಂದರೆ ನಿಮ್ಮದು ಪಕ್ಕದ ಮನೆಯ ದನಿ. ‘ಕೆಲಸಕ್ಕೆ ಮೋಸ ಇಲ್ಲ, ಆದ್ರೆ ಸದ್ದು’ ಎಂದು ಬಂದರೆ ಅಳೆದು ತೂಗುವ ದನಿ. ನನಗೆ ಬಂದದ್ದು ಇದೇ.

ಕೊಡುವ ನಕ್ಷತ್ರಗಳನ್ನೂ ಈಗಲೇ ನಿರ್ಧರಿಸಿ. ಮೂರು ನಕ್ಷತ್ರ ಕೊಟ್ಟು ‘ಬೊಂಬಾಟ್’ ಎಂದು ಬರೆದರೆ ಓದುವವರು ಎರಡನ್ನೂ ನಂಬುವುದಿಲ್ಲ. ವಸ್ತು ಪುಕ್ಕಟೆ ಸಿಕ್ಕಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಹೇಳಿ. ಆಮೇಲೆ ಬರುವ ಪ್ರತಿ ಹೊಗಳಿಕೆಯ ತೂಕ ಅದರ ಮೇಲೆ ನಿಂತಿರುತ್ತದೆ.

## ಹಂತ 3: ‘ಇದೆ’ ಬಿಟ್ಟು ಆ ವಸ್ತು ಮಾಡುವ ಕೆಲಸ ಬರೆಯಿರಿ

ನಾವು ‘ಚೆನ್ನಾಗಿದೆ’ಗೆ ಬದಲಿ ಹುಡುಕುವಾಗ ‘ಉತ್ತಮವಾಗಿದೆ’, ‘ಅದ್ಭುತವಾಗಿದೆ’ ಎಂದು ‘ಆಗಿದೆ’ ಸಾಲಿನಲ್ಲೇ ಹುಡುಕುತ್ತೇವೆ. ಆ ಸಾಲಿನಲ್ಲಿ ಎಷ್ಟು ಹುಡುಕಿದರೂ ಸಿಗುವುದು ಹೊಗಳಿಕೆಯೇ. ಕನ್ನಡದಲ್ಲಿ ವಸ್ತುವಿನ ಗುಣ ಹೇಳುವ ನಿಜವಾದ ಪದಗಳು ‘ಹೇಗೆ’ ಎಂಬ ಪ್ರಶ್ನೆಗೆ ಉತ್ತರ ಕೊಡುವ ಪದಗಳು: ನುಣ್ಣಗೆ, ತೆಳ್ಳಗೆ, ಮೆತ್ತಗೆ, ಬೆಚ್ಚಗೆ, ಸಣ್ಣಗೆ, ಬಿಗಿಯಾಗಿ, ಹದವಾಗಿ. ಇವುಗಳ ಪಕ್ಕದಲ್ಲಿ ಒಂದು ಕೆಲಸದ ಪದ ಇಟ್ಟರೆ ವಾಕ್ಯ ಮುಗಿಯಿತು.

ಮೋಟಾರ್ ಚೆನ್ನಾಗಿದೆ: ಕಾಯಿ ಚಟ್ನಿಯನ್ನು ನುಣ್ಣಗೆ ರುಬ್ಬುತ್ತದೆ.
ಮುಚ್ಚಳ ಚೆನ್ನಾಗಿದೆ: ಮುಚ್ಚಳ ಬಿಗಿಯಾಗಿ ಕೂರುತ್ತದೆ.
ಕೆಳಗಿನ ರಬ್ಬರ್ ಕಾಲು ಚೆನ್ನಾಗಿವೆ: ಅಡುಗೆಕಟ್ಟೆಯ ಮೇಲೆ ಅಲ್ಲಾಡದೆ ನಿಲ್ಲುತ್ತದೆ.

ಬೇರೆ ವಸ್ತುಗಳಿಗೂ ಇದೇ ದಾರಿ. ರಗ್ಗು ಬೆಚ್ಚಗಿಡುತ್ತದೆ. ಚಪ್ಪಲಿ ಕಾಲಿಗೆ ಒಗ್ಗುತ್ತದೆ. ಕುರ್ತಾ ಮೈಗೆ ಹಿತವಾಗಿ ಕೂರುತ್ತದೆ. ಸೀರೆಯ ನೆರಿಗೆ ನಿಲ್ಲುತ್ತದೆ. ಹೆಂಚಿನ ಮೇಲಿಂದ ದೋಸೆ ಸಲೀಸಾಗಿ ಏಳುತ್ತದೆ. ಈ ಯಾವ ವಾಕ್ಯದಲ್ಲೂ ಹೊಗಳಿಕೆಯ ಪದ ಇಲ್ಲ. ಆದರೂ ವಸ್ತು ಮೆಚ್ಚುಗೆಯಾಗಿದೆ ಎಂದು ಓದಿದವರಿಗೆ ಗೊತ್ತಾಗುತ್ತದೆ.

ಜೋಡಿಪದಗಳನ್ನು ಮರೆಯಬೇಡಿ. ಗರಿಗರಿ, ತರಿತರಿ, ಘಮಘಮ, ಪಳಪಳ. ಒಂದು ಪದದಲ್ಲೇ ಕಣ್ಣಿಗೋ ಮೂಗಿಗೋ ಬಾಯಿಗೋ ಮುಟ್ಟಿಸುತ್ತವೆ. ಆದರೆ ಅರ್ಥ ನೋಡಿ ಬಳಸಿ. ‘ತರಿತರಿ’ ರವೆಗೆ ಹೊಗಳಿಕೆ, ಉದ್ದಿನ ಹಿಟ್ಟಿಗೆ ದೂರು.

ಇಲ್ಲಿ ಆಗುವ ತಪ್ಪು: ‘ಚೆನ್ನಾಗಿ’ಯನ್ನೇ ಕೆಲಸದ ಪದದ ಪಕ್ಕದಲ್ಲಿ ಉಳಿಸಿಕೊಳ್ಳುವುದು. ‘ಚೆನ್ನಾಗಿ ಬಿಸಿಯಾಗುತ್ತದೆ’ ಎಂದು ಹೆಂಚಿನ ಬಗ್ಗೆ ಬರೆದರೆ ಹೊಗಳಿಕೆ. ಅದನ್ನೇ ಮಿಕ್ಸಿಯ ಬಗ್ಗೆ ಬರೆದರೆ ‘ಸಿಕ್ಕಾಪಟ್ಟೆ ಬಿಸಿಯಾಗುತ್ತದೆ’ ಎಂಬ ದೂರು. ‘ಒಳ್ಳೆ’ ಕೂಡ ಹೀಗೇ. ‘ಒಳ್ಳೆ ಸದ್ದು ಮಾಡುತ್ತದೆ’ ಎಂದರೆ ಸ್ಪೀಕರಿಗೆ ಮೆಚ್ಚುಗೆ, ಮಿಕ್ಸಿಗೆ ಬೈಗುಳ. ಕೆಲಸ ಒಳ್ಳೆಯದೋ ಕೆಟ್ಟದ್ದೋ ಎಂದು ತಕ್ಷಣ ಗೊತ್ತಾಗದ ಕಡೆ ಈ ಎರಡೂ ಪದ ಬೇಡ.

## ಹಂತ 4: ದನಿಗೆ ತಕ್ಕ ಪದ ಇಡಿ

ಕೆಲಸದ ವಾಕ್ಯಗಳು ಸಿದ್ಧವಾದ ಮೇಲೆ ಒಟ್ಟು ಅಭಿಪ್ರಾಯ ಹೇಳುವ ಒಂದು ಪದ ಬೇಕಾಗುತ್ತದೆ. ಒಂದೇ ಸಾಕು. ಅದನ್ನು ದನಿ ನೋಡಿ ಆರಿಸಿ.

### ಅಳೆದು ತೂಗುವ ದನಿ

ಇಲ್ಲಿ ಒಗ್ಗುವ ಪದಗಳು: ಗಟ್ಟಿಮುಟ್ಟಾಗಿದೆ, ಅಚ್ಚುಕಟ್ಟಾಗಿದೆ, ತೃಪ್ತಿಯಾಯಿತು, ಕೊಟ್ಟ ದುಡ್ಡಿಗೆ ಮೋಸವಿಲ್ಲ, ಹೇಳಿದಷ್ಟು ಕೆಲಸ ಮಾಡುತ್ತದೆ. ಇವೆಲ್ಲ ಅಳತೆ ಇರುವ ಪದಗಳು. ‘ಗಟ್ಟಿಮುಟ್ಟು’ ಎಂದರೆ ಕಟ್ಟಿದ ರೀತಿ. ‘ಅಚ್ಚುಕಟ್ಟು’ ಎಂದರೆ ಅಂಚು, ಹೊಲಿಗೆ, ಜೋಡಣೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಬೇಡಿ.

‘ಹಣಕ್ಕೆ ಮೌಲ್ಯ’ ಎಂದು ಬರೆಯುವುದನ್ನು ದಯವಿಟ್ಟು ಬಿಡಿ. ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಅದರ ಬದಲು ‘ಕಾಸಿಗೆ ತಕ್ಕ ಕಜ್ಜಾಯ’ ಎನ್ನುವವರೂ ಇದ್ದಾರೆ. ಆ ಗಾದೆಯಲ್ಲಿ ಹೊಗಳಿಕೆ ಕಡಿಮೆ. ಕೊಟ್ಟಷ್ಟಕ್ಕೆ ಸಿಕ್ಕಿತು, ಅದಕ್ಕಿಂತ ಹೆಚ್ಚೇನೂ ನಿರೀಕ್ಷಿಸಬೇಡಿ ಎಂಬ ಧ್ವನಿ ಅದರಲ್ಲಿದೆ. ಅಗ್ಗದ ವಸ್ತು ಹೆಂಗೋ ನಡೆಯುತ್ತದೆ ಎನ್ನುವಾಗ ಸರಿ. ನಿಜವಾಗಿ ಮೆಚ್ಚಿದ್ದರೆ ‘ಮೋಸವಿಲ್ಲ’ ಎಂಬುದೇ ವಾಸಿ.

### ಖುಷಿಯ ದನಿ

ಸಖತ್, ಬೊಂಬಾಟ್, ಮಸ್ತ್, ಸೊಗಸಾಗಿದೆ, ಮನಸ್ಸಿಗೆ ಹಿಡಿಸಿತು. ಧಾರಾಳವಾಗಿ ಬಳಸಿ, ಆದರೆ ರಿವ್ಯೂ ಒಂದಕ್ಕೆ ಒಂದೇ ಸಲ. ಮುಂದಿನ ವಾಕ್ಯದಲ್ಲೇ ಖುಷಿಯ ಕಾರಣ ಬರಬೇಕು. ‘ಬೊಂಬಾಟ್ ಮಿಕ್ಸಿ. ಚಟ್ನಿ ಅಮ್ಮ ಒರಳಲ್ಲಿ ರುಬ್ಬಿದ ಹಾಗೆ ನುಣ್ಣಗೆ ಬಂತು’ ಎಂದರೆ ಬೊಂಬಾಟ್‌ಗೆ ಆಧಾರ ಸಿಕ್ಕಿತು.

‘ಸಖತ್’ ಬಗ್ಗೆ ಒಂದು ಮಾತು. ಅದು ಈಗ ‘ಬಹಳ’ ಎಂಬ ಅರ್ಥದಲ್ಲೂ ಓಡಾಡುತ್ತಿದೆ. ‘ಸಖತ್ ಸದ್ದು’, ‘ಸಖತ್ ಭಾರ’ ಎನ್ನುತ್ತೇವೆ. ಹಾಗಾಗಿ ‘ಸಖತ್ತಾಗಿದೆ’ ಎಂದು ವಾಕ್ಯದ ಕೊನೆಯಲ್ಲಿ ಇಟ್ಟರೆ ಮಾತ್ರ ಅದು ಹೊಗಳಿಕೆ ಎಂದು ಖಚಿತ.

### ಪಕ್ಕದ ಮನೆಯ ದನಿ

ಈ ದನಿಯಲ್ಲಿ ಬರೆದ ರಿವ್ಯೂಗಳನ್ನು ಓದುವುದು ನನಗೆ ತುಂಬಾ ಇಷ್ಟ. ಇಲ್ಲಿ ಪದಗಳು ವಸ್ತುವಿಗಿಂತ ಮನೆಯ ಬಗ್ಗೆ ಹೇಳುತ್ತವೆ: ನಾಲ್ಕು ಜನರ ಮನೆಗೆ ಸಾಲುತ್ತದೆ, ನಮ್ಮ ಅತ್ತೆಗೂ ಹಿಡಿಸಿತು, ದಿನಬಳಕೆಗೆ ಆಗುತ್ತದೆ, ಕೈಗೆ ಒಗ್ಗಿತು, ನಂಬಿ ತಗೊಳ್ಳಬಹುದು. ‘ಶಿಫಾರಸು ಮಾಡುತ್ತೇನೆ’ ಈ ದನಿಗೆ ಹೊಂದುವುದಿಲ್ಲ. ಶಿಫಾರಸು ಕಚೇರಿಯ ಪದ.

ನಿಮ್ಮ ಊರಿನ ಮಾತಿಗೂ ಇಲ್ಲಿ ಜಾಗ ಇದೆ. ಧಾರವಾಡದ ಕಡೆಯವರು ‘ಚಲೋ ಐತಿ’ ಎಂದೂ ಮಂಗಳೂರಿನವರು ‘ಲಾಯ್ಕ ಉಂಟು’ ಎಂದೂ ಬರೆದರೆ ಬೇರೆ ಊರಿನವರಿಗೂ ಅರ್ಥ ಆಗುತ್ತದೆ. ಓದಲು ಹಿತವೂ ಹೌದು. ಎಚ್ಚರ ಬೇಕಾದ್ದು ‘ಭಾರಿ’ಯಲ್ಲಿ. ‘ಮಿಕ್ಸಿ ಭಾರಿ ಐತಿ’ ಎಂದು ಹುಬ್ಬಳ್ಳಿಯವರು ಮೆಚ್ಚಿ ಬರೆದರೆ, ಮೈಸೂರಿನಲ್ಲಿ ಓದಿದವರು ಎತ್ತಲು ಭಾರ ಅಂದುಕೊಳ್ಳಬಹುದು. ಪಕ್ಕದಲ್ಲಿ ಒಂದು ಕೆಲಸದ ವಾಕ್ಯ ಇಟ್ಟರೆ ಗೊಂದಲ ಇರುವುದಿಲ್ಲ: ‘ಮಿಕ್ಸಿ ಭಾರಿ ಐತಿ, ಶೇಂಗಾ ಚಟ್ನಿ ಒಂದ್ ನಿಮಿಷದಾಗ ಆಗ್ತದ.’ ಊರಿನ ಮಾತು ಹಿಡಿದರೆ ಕೊನೆಯವರೆಗೂ ಹಿಡಿಯಿರಿ. ‘ಚಲೋ ಐತಿ’ ಎಂದು ಶುರು ಮಾಡಿ ‘ಗುಣಮಟ್ಟವು ಉತ್ತಮವಾಗಿರುತ್ತದೆ’ ಎಂದು ಮುಗಿಸಿದರೆ ಇಬ್ಬರು ಬರೆದ ಹಾಗೆ ಕಾಣುತ್ತದೆ.

### ಪೂರ್ತಿ ಮನಸ್ಸಿಲ್ಲದ ದನಿ

ಪರವಾಗಿಲ್ಲ, ಅಡ್ಡಿಯಿಲ್ಲ, ನಡೆಯುತ್ತದೆ, ಈ ಬೆಲೆಗೆ ಇಷ್ಟು ಸಾಕು. ಇವುಗಳಲ್ಲಿ ‘ಪರವಾಗಿಲ್ಲ’ ಬಹಳ ಜನರನ್ನು ಎಡವಿಸುತ್ತದೆ. ನಮ್ಮ ಹಿರಿಯರು ಅಡುಗೆ ರುಚಿ ನೋಡಿ ‘ಪರವಾಗಿಲ್ವೇ!’ ಎಂದರೆ ಅದು ದೊಡ್ಡ ಮೆಚ್ಚುಗೆ. ಆ ಮೆಚ್ಚುಗೆ ಇರುವುದು ದನಿಯ ಏರಿಳಿತದಲ್ಲಿ. ಬರಹದಲ್ಲಿ ಏರಿಳಿತ ಕೇಳಿಸುವುದಿಲ್ಲ. ಓದುವವರಿಗೆ ಅದು ಮೂರು ನಕ್ಷತ್ರದ ಪದ. ಐದು ನಕ್ಷತ್ರ ಕೊಡುವ ಹಾಗಿದ್ದರೆ ಇದನ್ನು ಬರೆಯಬೇಡಿ.

### ಯಾರ ದನಿಗೂ ಹೊಂದದ ಪದಗಳು

ಅತ್ಯುತ್ತಮ, ಉತ್ಕೃಷ್ಟ, ಅಪ್ರತಿಮ, ಸರ್ವಶ್ರೇಷ್ಠ. ಇವು ಡಬ್ಬಿಯ ಮೇಲೆ ಅಚ್ಚಾಗಿರುವ ಪದಗಳು. ರಿವ್ಯೂನಲ್ಲಿ ಬಂದರೆ ಇದು ಕಾಸು ಕೊಟ್ಟು ಬರೆಸಿದ್ದೋ ಎಂಬ ಅನುಮಾನ ಬರುತ್ತದೆ. ಆ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ನಕಲಿ ರಿವ್ಯೂಗಳ ಹಾವಳಿಯಿಂದಾಗಿಯೇ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಆನ್‌ಲೈನ್ ರಿವ್ಯೂಗಳಿಗೆಂದು IS 19000 ಎಂಬ ಮಾನದಂಡವನ್ನೇ ಹೊರತಂದಿತು. ನಿಜವಾಗಿ ಬಳಸಿ ಬರೆದ ನಿಮ್ಮ ಮಾತು ಒಂದು ಪದದ ದೆಸೆಯಿಂದ ಆ ಗುಂಪಿಗೆ ಸೇರುವುದು ಬೇಡ.

## ಹಂತ 5: ವಾಕ್ಯದ ಬಾಲ ನೋಡಿ

ಪದ ಸರಿ ಇದ್ದರೂ ಅದರ ಕೊನೆಯ ಅಕ್ಷರ ದನಿ ಕೆಡಿಸಬಹುದು. ಹೆಚ್ಚಿನವರು ಈ ಹಂತವನ್ನು ಹಾರಿಸುತ್ತಾರೆ.

ಮೊದಲು ಕಾಲ. ಒಂದೇ ಸಲ ಬಳಸಿದ್ದರೆ ‘ನುಣ್ಣಗೆ ರುಬ್ಬಿತು’. ಹತ್ತಾರು ಸಲ ಬಳಸಿದ ಮೇಲೆ ‘ನುಣ್ಣಗೆ ರುಬ್ಬುತ್ತದೆ’. ನಾಲ್ಕು ದಿನ ಬಳಸಿ ‘ಬಾಳಿಕೆ ಬರುತ್ತದೆ’ ಎಂದು ಬರೆಯುವುದು ನಮಗೆ ಗೊತ್ತಿಲ್ಲದ್ದನ್ನು ಹೇಳಿದ ಹಾಗೆ. ಆಗ ‘ಗಟ್ಟಿಮುಟ್ಟಾಗಿ ಕಾಣುತ್ತದೆ’ ಎನ್ನಿ. ‘ಚೆನ್ನಾಗಿತ್ತು’ ಎಂದು ಬರೆದರೆ ಈಗ ಹಾಗಿಲ್ಲ, ಕೆಟ್ಟುಹೋಗಿದೆ ಎಂದು ಓದುತ್ತಾರೆ.

ಆಮೇಲೆ ನಡುವೆ ಸೇರುವ ಚಿಕ್ಕ ತುಣುಕುಗಳು. ‘ಗಟ್ಟಿಯಾಗೇನೋ ಇದೆ’ ಎಂದ ಕೂಡಲೇ ಓದುವವರು ‘ಆದರೆ’ಗಾಗಿ ಕಾಯುತ್ತಾರೆ. ‘ಗಟ್ಟಿಯಾಗಿಯೇ ಇದೆ’ ಎಂದರೆ ನೀವು ಬೇರೆ ಏನೋ ಅಂದುಕೊಂಡಿದ್ದಿರಿ, ಈಗ ಒಪ್ಪಿಕೊಳ್ಳುತ್ತಿದ್ದೀರಿ ಎಂದಾಯಿತು. ‘ಗಟ್ಟಿಯಾಗೂ ಇದೆ’ ಎಂದರೆ ಇನ್ನೊಂದು ಗುಣ ಆಗಲೇ ಹೇಳಿರಬೇಕು. ಖುಷಿಯ ದನಿಯಲ್ಲಿ ‘ಏನೋ’ ಒಂದು ಕಡೆ ನುಸುಳಿದರೂ ಖುಷಿ ಅರ್ಧ ಇಳಿಯುತ್ತದೆ. ಪೂರ್ತಿ ಮನಸ್ಸಿಲ್ಲದ ದನಿಗೆ ಅದೇ ಸರಿಯಾದ ತುಣುಕು.

## ಹಂತ 6: ಗಟ್ಟಿಯಾಗಿ ಓದಿ, ಇನ್ನೊಂದು ವಸ್ತುವಿನ ಹೆಸರು ಹಾಕಿ ನೋಡಿ

ಮುಗಿದ ರಿವ್ಯೂನಲ್ಲಿ ‘ಮಿಕ್ಸಿ’ ಇರುವ ಕಡೆ ‘ಇಸ್ತ್ರಿ ಪೆಟ್ಟಿಗೆ’ ಎಂದು ಹಾಕಿ ಗಟ್ಟಿಯಾಗಿ ಓದಿ. ವಾಕ್ಯ ಹಾಗೂ ಹೊಂದಿಕೊಂಡರೆ ಅದು ಇನ್ನೂ ‘ಚೆನ್ನಾಗಿದೆ’ಯ ವಾಕ್ಯವೇ, ಪದ ಮಾತ್ರ ಬೇರೆ. ‘ಅಚ್ಚುಕಟ್ಟಾಗಿದೆ, ತೃಪ್ತಿಯಾಯಿತು’ ಎಂಬ ಎರಡು ಪದದ ರಿವ್ಯೂ ಇಲ್ಲಿ ಸೋಲುತ್ತದೆ. ‘ಚಟ್ನಿ ನುಣ್ಣಗೆ ರುಬ್ಬುತ್ತದೆ’ ಎಂಬುದು ಗೆಲ್ಲುತ್ತದೆ.

ಇನ್ನೂ ಎರಡು ಅಪಾಯದ ಗುರುತುಗಳಿವೆ. ಹೊಗಳಿಕೆಯ ಪದಗಳು ಮೂರಕ್ಕಿಂತ ಹೆಚ್ಚು ಇದ್ದರೆ ಒಂದನ್ನು ಉಳಿಸಿ ಉಳಿದವನ್ನು ತೆಗೆಯಿರಿ. ಕೊರತೆಯ ಮಾತು ಹೊಗಳಿಕೆಗಿಂತ ಸ್ಪಷ್ಟವಾಗಿದ್ದರೆ, ನನ್ನ ಮೊದಲ ರಿವ್ಯೂನಲ್ಲಿ ಸದ್ದು ಇದ್ದ ಹಾಗೆ, ಹಂತ 3ಕ್ಕೆ ಹಿಂತಿರುಗಿ.

## ಅದೇ ಮಿಕ್ಸಿ, ಮೂರು ದನಿಯಲ್ಲಿ

ನಾನು ಕೊನೆಗೆ ಹಾಕಿದ್ದು ಅಳೆದು ತೂಗುವ ದನಿಯದ್ದು, ನಾಲ್ಕು ನಕ್ಷತ್ರ:

> ಮೂರು ವಾರದಿಂದ ದಿನಾ ಬಳಸುತ್ತಿದ್ದೇವೆ. ಅರ್ಧ ಕಾಯಿಯ ಚಟ್ನಿ ಎರಡು ನಿಮಿಷದಲ್ಲಿ ನುಣ್ಣಗೆ ಆಗುತ್ತದೆ. ಮುಚ್ಚಳ ಬಿಗಿಯಾಗಿ ಕೂರುತ್ತದೆ, ಗೋಡೆಗೆ ಚಿಮ್ಮುವುದಿಲ್ಲ. ಉದ್ದಿನ ಬೇಳೆ ರುಬ್ಬುವಾಗ ಜಾರ್ ಬಿಸಿಯಾಗುತ್ತದೆ, ಅದಕ್ಕೆ ತಣ್ಣೀರು ಹಾಕಿ ಎರಡು ಸಲಕ್ಕೆ ರುಬ್ಬುತ್ತೇವೆ. ಚಿಕ್ಕ ಜಾರ್‌ಗೆ ಎರಡು ಚಮಚದಷ್ಟೇ ಹಾಕಿದರೆ ಪುಡಿಯಾಗುವುದಿಲ್ಲ. ಸದ್ದು ಜೋರು, ಬೆಳಗ್ಗೆ ಆರಕ್ಕೆ ಹಾಕಿದರೆ ಮಗು ಏಳುತ್ತದೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಪಕ್ಕದ ಮನೆಯ ದನಿಯಲ್ಲಾದರೆ:

> ನಾಲ್ಕು ಜನರ ಮನೆಗೆ ಧಾರಾಳವಾಗಿ ಸಾಲುತ್ತದೆ. ಚಟ್ನಿ ನುಣ್ಣಗೆ ಬರುತ್ತದೆ, ನಮ್ಮ ಅತ್ತೆಗೂ ಹಿಡಿಸಿತು. ಇಡ್ಲಿ ಹಿಟ್ಟಿಗೆ ತಣ್ಣೀರು ಹಾಕಿ ರುಬ್ಬಿ, ಜಾರ್ ಬಿಸಿಯಾಗುತ್ತದೆ. ಮಗು ಮಲಗಿರುವಾಗ ಮಾತ್ರ ಹಾಕಬೇಡಿ. ಉಳಿದ ಹಾಗೆ ನಂಬಿ ತಗೊಳ್ಳಬಹುದು.

ಪೂರ್ತಿ ಮನಸ್ಸಿಲ್ಲದ ದನಿ, ಮೂರು ನಕ್ಷತ್ರ:

> ಚಟ್ನಿಯನ್ನೇನೋ ನುಣ್ಣಗೆ ರುಬ್ಬುತ್ತದೆ. ಆದರೆ ಸದ್ದಿಗೆ ಮನೆಯವರೆಲ್ಲ ಏಳುತ್ತಾರೆ. ಚಿಕ್ಕ ಜಾರ್ ಸ್ವಲ್ಪ ಪ್ರಮಾಣಕ್ಕೆ ಉಪಯೋಗವಿಲ್ಲ. ಈ ಬೆಲೆಗೆ ಪರವಾಗಿಲ್ಲ.

ಮೂರರಲ್ಲೂ ಚಟ್ನಿ, ಜಾರ್, ಸದ್ದು ಅವೇ. ಬದಲಾಗಿರುವುದು ಯಾವುದು ಮೊದಲು ಬಂತು ಎಂಬುದು, ‘ಏನೋ’ ಎಂಬ ತುಣುಕು, ಕೊನೆಯ ಒಂದು ವಾಕ್ಯ. ನಿಮ್ಮ ಹಳೆಯ ರಿವ್ಯೂ ಒಂದನ್ನು ತೆಗೆದು ಇದೇ ಕ್ರಮದಲ್ಲಿ ತಿದ್ದಿ ನೋಡಿ. ಮೊದಲ ಸಲ ಅರ್ಧ ಗಂಟೆ ಹಿಡಿಯಬಹುದು, ಅದರಲ್ಲಿ ಹೆಚ್ಚಿನ ಹೊತ್ತು ಹೋಗುವುದು ಹಂತ 1ರ ಚೀಟಿಗೆ. ಆರು ತಿಂಗಳು ಬಿಟ್ಟು ಅದೇ ರಿವ್ಯೂಗೆ ಹಿಂತಿರುಗಿ. ವಸ್ತು ಇನ್ನೂ ಗಟ್ಟಿಯಾಗಿದ್ದರೆ ‘ಗಟ್ಟಿಮುಟ್ಟಾಗಿ ಕಾಣುತ್ತದೆ’ ಎಂದಿದ್ದ ಕಡೆ ‘ಬಾಳಿಕೆ ಬಂದಿದೆ’ ಎಂದು ತಿದ್ದಿ.